ಎರಡನೆಯ ತರಗತಿಯ ತಡವರಿಕೆ: ಪ್ರಮಾಣಪತ್ರಕ್ಕೆ ಮೊದಲೇ ಮಾಡಬಹುದಾದದ್ದು

ಕನ್ನಡ ಮಾಧ್ಯಮದ ಮಗು ಎರಡನೆಯ ತರಗತಿ ಮುಗಿಯುವ ಹೊತ್ತಿಗೂ ತಡವರಿಸಿ ಓದುತ್ತಿದ್ದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಮಗು ಸೋಮಾರಿ ಎಂಬುದು ಒಂದು. ಮಾಧ್ಯಮ ಬದಲಿಸೋಣ ಎಂಬುದು ಇನ್ನೊಂದು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದರೂ ಅಕ್ಷರವನ್ನು ಧ್ವನಿಗೆ ಜೋಡಿಸುವಲ್ಲಿ ಉಂಟಾಗುವ ತೊಡಕು, ನೆನಪಾಗುವುದು ಕೊನೆಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿತು. 2018ರ ಕೇಂದ್ರ ಮಾರ್ಗಸೂಚಿ ಪ್ರಮಾಣಪತ್ರಕ್ಕೆ ಎಂಟು ವರ್ಷ ತುಂಬಿರಬೇಕೆಂದು ಹೇಳಿತ್ತು. ಇದಕ್ಕೆ ಕಾರಣವಿದೆ: ಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಿರುವ ನಮ್ಮ ಲಿಪಿಯನ್ನು ಯಾವ ಮಗುವೂ ಒಂದೆರಡು ವರ್ಷದಲ್ಲಿ ಪೂರ್ತಿ ಕರಗತ ಮಾಡಿಕೊಳ್ಳುವುದಿಲ್ಲ. ಆದರೆ ಪ್ರಮಾಣಪತ್ರಕ್ಕೆ ಇರುವ ವಯಸ್ಸನ್ನೇ ಪಾಠ ತಿದ್ದುವುದಕ್ಕೂ ಇರುವ ವಯಸ್ಸೆಂದು ಶಾಲೆಗಳು ತಿಳಿದರೆ ಮೊದಲ ಎರಡು ವರ್ಷ ವ್ಯರ್ಥವಾಗುತ್ತದೆ.

ಗುರುತಿಸುವುದು ಹೇಗೆ? ಇಂಗ್ಲಿಷ್ ಪುಸ್ತಕಗಳು ಹೇಳುವ, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವ ಲಕ್ಷಣ ಇಲ್ಲಿ ಹೆಚ್ಚು ನೆರವಾಗದು. ಒಂದು ಕಲ್ಪಿತ ಉದಾಹರಣೆ ನೋಡೋಣ. ಮನೆಯಲ್ಲಿ ತುಳು ಮಾತನಾಡುವ ಹುಡುಗ. ಹಾಲಿನ ಚಿತ್ರ ನೋಡಿ 'ಪೇರ್' ಎನ್ನುತ್ತಾನೆ; 'ಭ' ಬರೆಯಬೇಕಾದಲ್ಲಿ 'ಬ' ಬರೆಯುತ್ತಾನೆ. ಮೊದಲನೆಯದು ಮನೆಮಾತು, ಎರಡನೆಯದು ನಮ್ಮೆಲ್ಲರ ಉಚ್ಚಾರದ ಅಭ್ಯಾಸ. ಇವು ಡಿಸ್ಲೆಕ್ಸಿಯಾದ ಗುರುತುಗಳಲ್ಲ. 'ಮರ', 'ಮನೆ' ಓದುವ ಅವನು 'ಕಾಲು' ಎಂಬುದನ್ನು ಒಮ್ಮೆ 'ಕಲು', ಅದೇ ಪುಟದಲ್ಲಿ ಮತ್ತೊಮ್ಮೆ 'ಕಲ' ಎನ್ನುತ್ತಾನೆ. 'ಆಸ್ತಿ' ಅವನ ಬಾಯಲ್ಲಿ 'ಆಸಿತ' ಆಗುತ್ತದೆ. ಇಲ್ಲಿ ಗುಡಿಸು ಕೂತಿರುವುದು 'ಸ'ಕಾರದ ಮೇಲೆ, ಉಚ್ಚರಿಸಬೇಕಾದದ್ದು ಕೆಳಗಿನ 'ತ'ಕಾರದ ಬಳಿಕ. ಕಣ್ಣು ಕಾಣುವ ಕ್ರಮ ಬೇರೆ, ನಾಲಗೆ ನುಡಿಯುವ ಕ್ರಮ ಬೇರೆ. ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ; ಸಹಪಾಠಿಗಳು ದಾಟಿದ ಮೇಲೂ ಈತ ಅಲ್ಲೇ ನಿಂತಿದ್ದರೆ ಗಮನಿಸಬೇಕು.

ಆಗ ಮೊದಲು ಕಣ್ಣು, ಕಿವಿ ಪರೀಕ್ಷಿಸಬೇಕು. ಬಳಿಕ ಒಂದು ಕತೆಯನ್ನು ಬಾಯಿಂದ ಹೇಳಿ ಪ್ರಶ್ನೆ ಕೇಳಬೇಕು. ಕೇಳಿದ್ದು ಚೆನ್ನಾಗಿ ಅರ್ಥವಾಗಿ ಓದು ಮಾತ್ರ ನಿಂತಿದ್ದರೆ ಸಂಶಯಕ್ಕೆ ಆಧಾರವಿದೆ. ಇನ್ನೊಂದು ಆಟವನ್ನು ಮನೆಮಾತಿನಲ್ಲೇ ಆಡಬೇಕು: 'ತಾರಾಯಿ' ಎಂಬಲ್ಲಿ 'ತಾ' ತೆಗೆದರೆ ಏನುಳಿಯಿತು? ತನಗೆ ಗೊತ್ತಿರುವ ಭಾಷೆಯಲ್ಲೂ ಧ್ವನಿ ಬಿಡಿಸಲು ಮಗು ಪದೇ ಪದೇ ಸೋತರೆ ಕಾರಣ ಕನ್ನಡದ ಪರಿಚಯ ಸಾಲದಿರುವುದಲ್ಲ. ಅಂಥ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ತೊಡಕೂ ಜತೆಗೇ ಹೋಗುತ್ತದೆ. ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆ ಕಡಿಮೆಯಿರುವ ಆ ಲಿಪಿಯಲ್ಲಿ ಅದು ಇನ್ನಷ್ಟು ಬಿಗಿಯಾಗುವ ಸಂಭವವೇ ಹೆಚ್ಚು.

ಇನ್ನು ಪಾಠದ ಮಾತು. ಮಗುವಿಗೆ ಬೇಕಾದುದನ್ನು ಇಡೀ ತರಗತಿಗೇ ಕೊಡುವುದು ನಮಗೆ ಸರಿಯೆನಿಸುತ್ತದೆ. ವಾರಕ್ಕೆ ಒಂದೇ ಜೋಡಿ: ಕ-ಕಾ, ಮ-ಮಾ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ಮರಳಿನಲ್ಲಿ ಬೆರಳಿನಿಂದ ಬರೆಯುತ್ತ ಗಟ್ಟಿಯಾಗಿ ನುಡಿಯುವುದು. 'ಆಸ್ತಿ'ಯನ್ನು ಆ-ಸ್-ತಿ ಎಂದು ಮೂರು ಚೀಟಿಗಳಲ್ಲಿ ಬಿಡಿಸಿಟ್ಟು ಮತ್ತೆ ಕೂಡಿಸುವುದು. ಇದರಿಂದ ಉಳಿದ ಮಕ್ಕಳಿಗೆ ನಷ್ಟವೇನಿಲ್ಲ. ಅವರೂ ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವವರು.

ಎದ್ದು ನಿಂತು ಒಬ್ಬನೇ ಓದು ಎಂಬ ಪದ್ಧತಿಯನ್ನು ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಎಲ್ಲರಿಗೂ ಕೈಬಿಡುವುದು ಲೇಸು. ಮೊದಲು ಟೀಚರು, ಅವರೊಡನೆ ಇಡೀ ತರಗತಿ, ಬಳಿಕ ಇಬ್ಬಿಬ್ಬರಾಗಿ ಓದಿದರೆ ಅವನ ತಪ್ಪು ಎಲ್ಲರ ಕಿವಿಗೂ ಬೀಳುವುದಿಲ್ಲ. ಉಕ್ತಲೇಖನದಲ್ಲಿ ಆ ವಾರ ಕಲಿಸಿದ ಚಿಹ್ನೆಯನ್ನಷ್ಟೇ ತಿದ್ದಬಹುದು. ಹಲಗೆಯಿಂದ ನಕಲು ಮಾಡುವ ಬದಲು ಬರೆದ ಚೀಟಿ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ಅವನೊಬ್ಬನಿಗೇ ಕೊಟ್ಟರೆ ಆಟದ ಬಯಲಿನಲ್ಲಿ ಅದೇ ಅವನ ಹೆಸರಾಗುತ್ತದೆ. ಮನೆಯಲ್ಲೂ ಅಕ್ಕನ ಪುಸ್ತಕದೊಡನೆ ಹೋಲಿಸುವುದು ಬೇಡ. ಇರುಳು ಹತ್ತು ನಿಮಿಷ ಅಮ್ಮನೋ ಅಜ್ಜನೋ ಓದಿ ಹೇಳಲಿ, ಅವನು ಬೆರಳಿಟ್ಟು ಅನುಸರಿಸಲಿ.

ಇದರಿಂದ ಡಿಸ್ಲೆಕ್ಸಿಯಾ ಮಾಯವಾಗದು. ಓದು ನಿಖರವಾದರೂ ಎಷ್ಟೋ ಮಕ್ಕಳಲ್ಲಿ ನಿಧಾನವಾಗಿಯೇ ಉಳಿಯುತ್ತದೆ. ಕೆಲವು ತಿಂಗಳ ಇಂಥ ಪಾಠದ ಬಳಿಕವೂ ಚಲನೆಯಿಲ್ಲದಿದ್ದರೆ ತಜ್ಞರ ಪರೀಕ್ಷೆಗೆ ತಡಮಾಡಬಾರದು. ಆಗ ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ: ಪರೀಕ್ಷೆ ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಓದು ಕಲಿತ ಮಗುವನ್ನು ಮಲಯಾಳದ ಪದಪಟ್ಟಿಯಿಂದ ಅಳೆದರೆ ಫಲಿತಾಂಶಕ್ಕೆ ಅರ್ಥವಿರದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಪರೀಕ್ಷಾ ಸಾಧನ ಕನ್ನಡದಲ್ಲೂ ಇದೆ. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗಾಗಿ ಶಿಕ್ಷಕರು ತುಂಬುವ ಪ್ರಾಥಮಿಕ ಪಟ್ಟಿಯೂ ಅದರಲ್ಲಿದೆ. ಜೂನ್‌ನಲ್ಲಿ ಶಾಲೆ ತೆರೆದಾಗ ರಕ್ಷಕ-ಶಿಕ್ಷಕ ಸಂಘದ ಮೊದಲ ಸಭೆಯಲ್ಲೇ ಆ ಪಟ್ಟಿಯನ್ನು ತರಗತಿಯ ಎಲ್ಲ ಮಕ್ಕಳಿಗೂ ತುಂಬುವಂತೆ ಕೇಳಬಹುದು.