ಹೆಸರೊಂದೇ, ಮನೆ ಬೇರೆ

ಒಂದೇ ಹೆಸರಿನ ಇಬ್ಬರಿದ್ದು, ಪೋಸ್ಟ್‌ಮ್ಯಾನ್ ಒಬ್ಬರ ಕಾಗದವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದು ಸಣ್ಣಕಥೆಗೆ ಒಳ್ಳೆಯ ಎಳೆ. ಆದರೆ ಆ ತಪ್ಪು ಹೇಗಾಯಿತೆಂದು ಓದುಗರಿಗೆ ನಂಬಿಕೆ ಬರದಿದ್ದರೆ ಮುಂದಿನ ಕಥೆ ನಿಲ್ಲುವುದಿಲ್ಲ.

ಆರ್.ಕೆ. ನಾರಾಯಣ್ ಅವರ ‘ದಿ ಮಿಸ್ಸಿಂಗ್ ಮೇಲ್’ ಕಥೆಯ ಪೋಸ್ಟ್‌ಮ್ಯಾನ್ ತಾನಪ್ಪ ಮಾಲ್ಗುಡಿಯ ಮನೆಮನೆಯ ಸುಖದುಃಖ ಬಲ್ಲವನು. ಮದುವೆ ಕೆಡಬಾರದೆಂದು ಸಾವಿನ ಸುದ್ದಿಯ ತಂತಿಯನ್ನೇ ತಡೆದಿಟ್ಟುಕೊಳ್ಳುತ್ತಾನೆ. ಇಂಥವನು ಬೇಕೆಂದೇ ಕಾಗದ ಕೊಡದಿರಬಹುದು, ಹೆಸರು ನೋಡಿ ಮನೆ ತಪ್ಪಲಾರ. ಆದ್ದರಿಂದ ಎಡವಟ್ಟು ಆಗಬೇಕಾದರೆ ಬೀದಿಯ ಖಾಯಂ ಪೋಸ್ಟ್‌ಮ್ಯಾನ್ ರಜೆಯಲ್ಲಿರಬೇಕು, ಬೀದಿಯ ಪರಿಚಯವಿಲ್ಲದ ಬದಲಿ ನೌಕರ ಬಂದಿರಬೇಕು.

ವಿಳಾಸವೂ ಅದಕ್ಕೆ ಎಡೆ ಕೊಡಬೇಕು. ಲಕೋಟೆಯ ಮೇಲೆ ‘ಎಸ್. ಮಂಜುನಾಥ, ದೇವಸ್ಥಾನದ ಬೀದಿ’ ಎಂದಷ್ಟೇ ಇದೆ ಎನ್ನಿ. ನಮ್ಮಲ್ಲಿ ಇನಿಶಿಯಲ್ ತಂದೆಯ ಹೆಸರಿನದೂ ಆಗಬಹುದು, ಊರಿನದೂ ಆಗಬಹುದು. ಒಬ್ಬ ಸಿದ್ದಪ್ಪನವರ ಮಗ, ಇನ್ನೊಬ್ಬ ಸಾಗರದವನು, ಇಬ್ಬರೂ ಎಸ್. ಮಂಜುನಾಥರೇ. 1972ರಲ್ಲಿ ಬಂದ ಆರಂಕಿಯ ಪಿನ್ ಕೋಡ್ ಕಾಗದವನ್ನು ಬಟವಾಡೆಯ ಅಂಚೆ ಕಚೇರಿಯವರೆಗೆ ತಂದು ಬಿಡುತ್ತದೆ, ಮನೆ ಬಾಗಿಲು ತೋರಿಸುವುದಿಲ್ಲ. ಮನೆ ನಂಬರಾಗಲಿ ತಂದೆಯ ಹೆಸರಾಗಲಿ ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಕಾಗದ ಯಾವ ಬಗೆಯದು ಎಂಬುದನ್ನೂ ಕಥೆಗಾರರು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಸಹಿ ಪಡೆದು ಕೊಡುವ ಬಗೆಯದಾಗಿದ್ದರೆ ಆ ಸಹಿ ದಾಖಲೆಯಾಗಿ ಉಳಿಯುತ್ತದೆ. ಯಾರ ಕೈ ಸೇರಿತೆಂದು ಪತ್ತೆ ಹಚ್ಚಬಹುದು. ಸಾಮಾನ್ಯ ಅಂಚೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋದರೆ ಸಾಕ್ಷಿಯೇ ಇಲ್ಲ. ತಪ್ಪನ್ನು ಮುಚ್ಚಿಡುವ ಅವಕಾಶ ಪಾತ್ರಕ್ಕೆ ಸಿಗುವುದು ಆಗಲೇ.

ಇಷ್ಟಾದ ಮೇಲೆ ಪೋಸ್ಟ್‌ಮ್ಯಾನ್‌ನ ಪಾಲು ಮುಗಿಯಿತು. ಸಾಗರದ ಮಂಜುನಾಥ ತನ್ನದೇ ಹೆಸರು ಕಂಡು ಲಕೋಟೆ ಒಡೆಯುತ್ತಾನೆ, ಅದರಲ್ಲಿ ತಪ್ಪಿಲ್ಲ. ಒಳಗೆ ಕೆಲಸದ ಸಂದರ್ಶನಕ್ಕೆ ಕರೆ. ಅವನೂ ಅದೇ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾನೆ. ಹಿಗ್ಗಿ ಎರಡನೇ ಸಾಲಿಗೆ ಬಂದಾಗ ಅರ್ಜಿಯ ಸಂಖ್ಯೆ ತನ್ನದಲ್ಲ ಎಂದು ತಿಳಿಯುತ್ತದೆ. ಸಂದರ್ಶನ ನಾಡಿದ್ದು. ನಾಲ್ಕು ಮನೆಯಾಚೆ ಇನ್ನೊಬ್ಬ ಮಂಜುನಾಥನೂ ದಿನಾ ಅಂಚೆಯ ದಾರಿ ಕಾಯುತ್ತಿದ್ದಾನೆ. ಅಂಚೆ ಕಚೇರಿಗೆ ಹಿಂತಿರುಗಿಸಿದರೆ ಕಾಗದ ತಲುಪುವಷ್ಟರಲ್ಲಿ ದಿನ ಮೀರಬಹುದು. ತಾನೇ ಹೋಗಿ ಕೊಟ್ಟರೆ ಒಡೆದ ಲಕೋಟೆಗೆ ಉತ್ತರ ಹೇಳಬೇಕು. ಸುಮ್ಮನಿದ್ದರೆ ಒಬ್ಬ ಸ್ಪರ್ಧಿ ಕಡಿಮೆಯಾಗುತ್ತಾನೆ.

ಈ ಎಳೆಯ ಜೀವ ಇರುವುದು ಇಲ್ಲಿ. ಕೊನೆಯಲ್ಲಿ ಪೋಸ್ಟ್‌ಮ್ಯಾನ್ ಓಡಿ ಬಂದು ಕ್ಷಮೆ ಕೇಳಿ ಕಾಗದ ವಾಪಸು ಪಡೆದರೆ ಎಲ್ಲವೂ ಸರಿಹೋಗುತ್ತದೆ, ಕಥೆ ಮಾತ್ರ ಕೈತಪ್ಪುತ್ತದೆ. ನಿರ್ಧಾರದ ಹೊರೆಯನ್ನು ಮಂಜುನಾಥನ ಹೆಗಲಿಂದ ಇಳಿಸಬೇಡಿ ಎಂಬುದೇ ಕಥೆಗಾರರಲ್ಲಿ ನಮ್ಮ ಕೋರಿಕೆ.