ಹಳೆಯ ಫೋಟೊದ ಮಸುಕು ಬೇಕು, ನೆರಳಿನ ರಾಡಿ ಬೇಡ: ಅದು ಹೇಗೆ?

ಫೋನಿನಲ್ಲಿ ತೆಗೆದ ಫೋಟೊಗೆ ‘ವಿಂಟೇಜ್’ ಫಿಲ್ಟರ್ ಹಾಕಿದರೆ ಸಾಮಾನ್ಯವಾಗಿ ಎರಡು ಬದಲಾವಣೆ ಕಾಣುತ್ತವೆ. ಕಪ್ಪು ಭಾಗಗಳು ತಿಳಿಯಾಗಿ ಬೂದುಬಣ್ಣಕ್ಕೆ ತಿರುಗುತ್ತವೆ, ಚಿತ್ರದ ತುಂಬ ಸಣ್ಣ ಮರಳು ಉದುರಿಸಿದ ಹಾಗೆ ಗ್ರೇನ್ ಬರುತ್ತದೆ. ಬಿಸಿಲಿನಲ್ಲಿ ತೆಗೆದ ಚಿತ್ರವಾದರೆ ಇದು ಚೆನ್ನಾಗಿಯೇ ಇರುತ್ತದೆ. ಅದೇ ಫಿಲ್ಟರನ್ನು ಮನೆಯೊಳಗಿನ ಚಿತ್ರಕ್ಕೆ ಹಾಕಿ ನೋಡಿ. ಕೂದಲು, ಕಪ್ಪು ಕೋಟು, ಮರದ ಕಂಬದ ನೆರಳು ಎಲ್ಲವೂ ಸೇರಿ ಒಂದೇ ಕೆಸರಾಗಿರುತ್ತವೆ. ‘ಹಳೆಯ ಫೋಟೊ ಅಂದರೆ ಹಾಗೇ ಅಲ್ಲವೇ’ ಎಂದು ನಾವೂ ಸುಮ್ಮನಾಗುತ್ತೇವೆ.

ಆದರೆ ಹಳೆಯ ಫೋಟೊ ಹಾಗಿರುವುದಿಲ್ಲ. ಅಜ್ಜನ ಮನೆಯ ಆಲ್ಬಮ್‌ನಿಂದ ಮಸುಕಾದ ಒಂದು ಕಲರ್ ಫೋಟೊ ತೆಗೆದು ಬೆಳಕಿನಲ್ಲಿ ಹಿಡಿದು ನೋಡಿ. ಕಪ್ಪು ತಿಳಿಯಾಗಿರುತ್ತದೆ, ನಿಜ. ಆದರೂ ಆ ತಿಳಿಗಪ್ಪಿನೊಳಗೆ ಸೀರೆಯ ನೆರಿಗೆ, ಜಡೆಯ ಹೆಣಿಗೆ ಬಹಳಷ್ಟು ಸಲ ಕಾಣುತ್ತಲೇ ಇರುತ್ತವೆ. ಕಾಗದದ ಮೇಲೆ ಏನಾಗಿತ್ತು ಎಂಬುದು ತಿಳಿದರೆ ಕಂಪ್ಯೂಟರಿನಲ್ಲಿ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಕಪ್ಪು ಮಸುಕಾಗುವುದು ಹೇಗೆ?

ಮೊದಲಿಗೆ ಒಂದು ಮಾತು. ಎಪ್ಪತ್ತರ ದಶಕದಲ್ಲಿ ಸ್ಟುಡಿಯೋದಿಂದ ಆಗಷ್ಟೇ ಮನೆಗೆ ಬಂದ ಪ್ರಿಂಟ್‌ನಲ್ಲಿ ಕಪ್ಪು ಗಾಢವಾಗಿಯೇ ಇರುತ್ತಿತ್ತು. ನಾವು ‘ಆ ಕಾಲದ ನೋಟ’ ಎನ್ನುವುದು ವಾಸ್ತವದಲ್ಲಿ ಆ ಕಾಲದ್ದಲ್ಲ, ಅಲ್ಲಿಂದ ಇಲ್ಲಿಯವರೆಗೆ ಕಳೆದ ವರ್ಷಗಳದ್ದು.

ಕಲರ್ ಪ್ರಿಂಟ್‌ನಲ್ಲಿ ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣದ ಪದರಗಳಿರುತ್ತವೆ. ಮೂರೂ ದಟ್ಟವಾಗಿ ಸೇರಿದ ಕಡೆ ಕಪ್ಪು, ಮೂರೂ ಇಲ್ಲದ ಕಡೆ ಕಾಗದದ ಬಿಳುಪು. ವರ್ಷಗಳು ಕಳೆದಂತೆ ಬಣ್ಣ ಕ್ಷೀಣಿಸುತ್ತದೆ. ಎಲ್ಲ ಕಡೆಯೂ ಸುಮಾರು ಹತ್ತರಲ್ಲಿ ಒಂದು ಪಾಲು ಹೋಯಿತು ಎಂದುಕೊಳ್ಳಿ. ಬಿಳಿಯ ಭಾಗದಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಹಾಗಾಗಿ ಅದು ಹಾಗೇ ಉಳಿಯುತ್ತದೆ. ಹೆಚ್ಚು ಬಣ್ಣವಿದ್ದ ಕಪ್ಪು ಹೆಚ್ಚು ಕಳೆದುಕೊಳ್ಳುತ್ತದೆ. ಆದರೆ ಅಕ್ಕಪಕ್ಕದ ಎರಡು ಕಪ್ಪುಗಳ ನಡುವೆ ಇದ್ದ ಅಂತರದಲ್ಲಿ ಹೋಗುವುದೂ ಹತ್ತರಲ್ಲಿ ಒಂದೇ ಪಾಲು. ಕಪ್ಪು ಮೇಲೇರುತ್ತದೆ, ಕಪ್ಪಿನೊಳಗಿನ ವ್ಯತ್ಯಾಸ ಹೆಚ್ಚುಕಡಿಮೆ ಉಳಿದುಕೊಳ್ಳುತ್ತದೆ. ಫಿಲ್ಟರ್‌ಗಳು ಎಡವುವುದು ಈ ಎರಡನೆಯ ಭಾಗದಲ್ಲಿ.

ಗ್ರೇನ್ ವಿಷಯದಲ್ಲೂ ಇಂಥದ್ದೇ ಒಂದು ತಪ್ಪು ತಿಳಿವಳಿಕೆ ಇದೆ. ಕತ್ತಲಲ್ಲಿ ಫೋನ್ ಹಿಡಿದಾಗ ಬರುವ ಚುಕ್ಕೆಗಳೂ ಫಿಲ್ಮಿನ ಗ್ರೇನೂ ಒಂದೇ ಎಂದು ಹಲವರು ಭಾವಿಸುತ್ತಾರೆ. ಫೋನಿನ ಚುಕ್ಕೆಗಳು ಬರುವುದು ಬೆಳಕು ಸಾಲದ ಕಡೆ, ಅಂದರೆ ನೆರಳಿನಲ್ಲಿ. ಫಿಲ್ಮಿನದು ಬೇರೆ ಕಥೆ. ದೃಶ್ಯದ ನೆರಳಿನ ಜಾಗ ನೆಗೆಟಿವ್‌ನಲ್ಲಿ ಹೆಚ್ಚುಕಡಿಮೆ ಪಾರದರ್ಶಕವಾಗಿರುತ್ತದೆ, ಅಲ್ಲಿ ಕಣಗಳೇ ಕಡಿಮೆ. ಅದರ ಮೂಲಕ ಹಾದ ಬೆಳಕು ಕಾಗದವನ್ನು ಆಗಬಹುದಾದಷ್ಟು ಕಪ್ಪು ಮಾಡಿಬಿಡುತ್ತದೆ. ಸಣ್ಣಪುಟ್ಟ ಏರಿಳಿತ ಅಲ್ಲಿ ಕಾಣುವುದಿಲ್ಲ. ಅಚ್ಚ ಬಿಳಿಯಲ್ಲೂ ಹಾಗೆಯೇ. ಹಾಗಾಗಿ ಪ್ರಿಂಟ್‌ನಲ್ಲಿ ಗ್ರೇನ್ ಎದ್ದು ಕಾಣುವುದು ನಡುವಿನ ಛಾಯೆಗಳಲ್ಲಿ: ಮುಖದ ಚರ್ಮ, ಗೋಡೆ, ಮೋಡವಿರುವ ಆಕಾಶ. ನೆರಳಿನ ತುಂಬ ಗ್ರೇನ್ ಸುರಿದರೆ ಅದು ಫಿಲ್ಮಿನಂತೆ ಕಾಣದೆ, ಕತ್ತಲಲ್ಲಿ ತೆಗೆದ ಫೋನ್ ಚಿತ್ರದಂತೆ ಕಾಣುವುದು ಇದೇ ಕಾರಣಕ್ಕೆ.

ಅಜ್ಜಿಯ ಸೀರೆಯ ಲೆಕ್ಕ

ಈಗ ಒಂದು ಚಿತ್ರ ತೆಗೆದುಕೊಳ್ಳೋಣ. ಹಳೆಯ ಮನೆಯ ಪಡಸಾಲೆ, ಒಂದೇ ಕಿಟಕಿಯ ಬೆಳಕು, ಗಾಢ ಹಸಿರು ಸೀರೆ ಉಟ್ಟ ಅಜ್ಜಿ. ಡಿಜಿಟಲ್ ಚಿತ್ರದಲ್ಲಿ ಪ್ರತಿ ಛಾಯೆಗೂ 0ಯಿಂದ 255ರವರೆಗೆ ಒಂದು ಸಂಖ್ಯೆ ಇರುತ್ತದೆ. 0 ಅಚ್ಚ ಕಪ್ಪು, 255 ಅಚ್ಚ ಬಿಳಿ. ನಮ್ಮ ಚಿತ್ರದಲ್ಲಿ ಬಾಗಿಲ ಹಿಂದಿನ ಕತ್ತಲು 8, ಸೀರೆಯ ನೆರಿಗೆಯ ಒಳಭಾಗ 20, ನೆರಿಗೆಯ ಅಂಚು 36 ಎಂದಿಟ್ಟುಕೊಳ್ಳಿ. ನೆರಿಗೆ ಕಣ್ಣಿಗೆ ಕಾಣುತ್ತಿರುವುದು 20 ಮತ್ತು 36ರ ನಡುವಿನ ಆ 16ರ ಅಂತರದಿಂದ.

ಕಪ್ಪನ್ನು ಮೇಲೆತ್ತಲು ಸಾಮಾನ್ಯವಾಗಿ ಮಾಡುವುದೇನೆಂದರೆ, ಕರ್ವ್ ಎಂಬ ಸಾಧನ ತೆರೆದು ಎಡತುದಿಯನ್ನು 40ಕ್ಕೆ ಎಳೆದು, ಉಳಿದ ಚಿತ್ರ ಬದಲಾಗದಿರಲಿ ಎಂದು 64ರ ಹತ್ತಿರ ಒಂದು ಚುಕ್ಕಿ ನೆಡುವುದು. ಈಗ 0ಯಿಂದ 64ರವರೆಗೆ ಹರಡಿದ್ದ ಛಾಯೆಗಳೆಲ್ಲ 40ರಿಂದ 64ರೊಳಗೆ ತುರುಕಿಕೊಳ್ಳಬೇಕು. ಬಾಗಿಲ ಕತ್ತಲು 43 ಆಯಿತು, ನೆರಿಗೆಯ ಒಳಭಾಗ 48, ಅಂಚು 54. ಹದಿನಾರಿದ್ದ ಅಂತರ ಆರಕ್ಕೆ ಇಳಿಯಿತು.

ಇದರ ಮೇಲೆ ಗ್ರೇನ್ ಹಾಕೋಣ. ಹತ್ತನೇ ಒಂದು ಪಾಲು ಏರಿಳಿತ ಎಂದರೆ 48 ಇದ್ದ ಜಾಗ 43ರಿಂದ 53ರವರೆಗೆ ಚದುರುತ್ತದೆ, 54 ಇದ್ದದ್ದು 49ರಿಂದ 59ರವರೆಗೆ. ಎರಡೂ ಒಂದರೊಳಗೊಂದು ಬೆರೆತವು. ಯಾವುದು ನೆರಿಗೆ, ಯಾವುದು ಗ್ರೇನ್ ಎಂದು ಕಣ್ಣಿಗೆ ತಿಳಿಯುವುದಿಲ್ಲ. ರಾಡಿ ಎಂದರೆ ಇಷ್ಟೇ. ಮೊದಲು ಅಂತರ ಕುಗ್ಗಿತು, ಆಮೇಲೆ ಉಳಿದಷ್ಟನ್ನು ಗ್ರೇನ್ ನುಂಗಿತು.

ಪರಿಹಾರ ಈ ಎರಡು ಕೆಲಸಗಳ ಕ್ರಮವನ್ನು ತಿರುಗಿಸುವುದರಲ್ಲಿದೆ. ಮೊದಲು ಗ್ರೇನ್, ಆಮೇಲೆ ಮಸುಕು. ನಿಜವಾದ ಫೋಟೊದಲ್ಲೂ ಹಾಗೆಯೇ ಆಗಿತ್ತು ತಾನೆ, ಗ್ರೇನ್ ಬಂದದ್ದು ಚಿತ್ರ ತೆಗೆದ ದಿನ, ಮಸುಕು ಬಂದದ್ದು ಆಲ್ಬಮ್‌ನಲ್ಲಿ.

ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇದನ್ನು ಮಾಡುವುದು ಹೀಗೆ. ಮೊದಲೇ ಚಿತ್ರವನ್ನು ಕೊನೆಗೆ ಬೇಕಾದ ಅಳತೆಗೆ ಕಿರಿದು ಮಾಡಿಕೊಳ್ಳಿ, ಉದ್ದನೆಯ ಬದಿ 1600 ಪಿಕ್ಸೆಲ್ ಎನ್ನೋಣ. ಗ್ರೇನ್ ಹಾಕಿದ ಮೇಲೆ ಕಿರಿದು ಮಾಡಿದರೆ ಅಕ್ಕಪಕ್ಕದ ಚುಕ್ಕೆಗಳು ಸೇರಿ ಸರಾಸರಿಯಾಗಿ ಗ್ರೇನ್ ಮಾಯವಾಗುತ್ತದೆ. ನೆರಳಿನಲ್ಲಿ ಫೋನಿನದೇ ಕೆಂಪು-ಹಸಿರು ಚುಕ್ಕೆಗಳಿದ್ದರೆ ಅವನ್ನೂ ಈಗಲೇ ತೆಗೆಯಬೇಕು, ಇಲ್ಲದಿದ್ದರೆ ಕಪ್ಪನ್ನು ಎತ್ತಿದಾಗ ಅವೂ ಜೊತೆಗೆ ಎದ್ದು ಬರುತ್ತವೆ. ಆಮೇಲೆ ಹೊಸ ಲೇಯರ್ ಒಂದನ್ನು ಸೇರಿಸಿ `#808080` ಬೂದುಬಣ್ಣ ತುಂಬಿ, `Filters > Noise > RGB Noise` ತೆರೆದು, `Independent RGB` ಗುರುತನ್ನು ತೆಗೆಯಿರಿ. ಅದು ಇದ್ದರೆ ಚುಕ್ಕೆಗಳು ಬಣ್ಣಬಣ್ಣವಾಗುತ್ತವೆ. ಈ ಲೇಯರಿಗೆ `Gaussian Blur` ಅನ್ನು 0.7ರಷ್ಟು ಕೊಟ್ಟರೆ ಚೂಪಾದ ಚುಕ್ಕೆಗಳು ಕಾಳಿನಂತೆ ದುಂಡಗಾಗುತ್ತವೆ. ಕೊನೆಗೆ ಲೇಯರಿನ `Mode` ಅನ್ನು `Overlay` ಮಾಡಿ, ಗೋಡೆ ಅಥವಾ ಕೆನ್ನೆ ನೋಡುತ್ತ `Opacity` ತಗ್ಗಿಸಿಕೊಳ್ಳಿ.

`Overlay` ಯಾಕೆ? ಅದು ಕೆಳಗಿನ ಛಾಯೆಯೊಡನೆ ಗುಣಿಸುವ ಲೆಕ್ಕ. ನಡುವಿನ 128ರಲ್ಲಿ ಏರಿಳಿತ 13ರಷ್ಟಿದ್ದರೆ, 20ರಲ್ಲಿ ಬರೀ 2, ಅಚ್ಚ ಕಪ್ಪಿನಲ್ಲಿ ಸೊನ್ನೆ. ಬಿಳಿಯ ಕಡೆಗೂ ಹೀಗೇ ಕಡಿಮೆಯಾಗುತ್ತ ಹೋಗುತ್ತದೆ. ಕಾಗದದ ಪ್ರಿಂಟ್‌ಗೆ ಇದು ಸಾಕಷ್ಟು ಹತ್ತಿರ. ಆದರೆ ಕಪ್ಪನ್ನು ಮೊದಲೇ 48ಕ್ಕೆ ಎತ್ತಿಬಿಟ್ಟಿದ್ದರೆ, ಪಾಪ ಅದಕ್ಕೇನು ಗೊತ್ತು, ಅದನ್ನೂ ನಡುವಿನ ಛಾಯೆಯ ಕಡೆಯವನೆಂದು ತಿಳಿದು ಗ್ರೇನ್ ಬಡಿಸಿಬಿಡುತ್ತದೆ.

ಈಗ `Layer > New from Visible` ಒತ್ತಿ, ಬಂದ ಹೊಸ ಲೇಯರಿನ ಮೇಲೆ `Colors > Curves` ತೆರೆಯಿರಿ. ಕಪ್ಪನ್ನು ಎತ್ತಿದರೆ ಒಟ್ಟು ಅಂತರ ಎಲ್ಲಾದರೂ ಕಡಿಮೆಯಾಗಲೇಬೇಕು, ಅದನ್ನು ತಪ್ಪಿಸಲಾಗದು. ಯಾರು ಬಿಟ್ಟುಕೊಡಬೇಕು ಎಂಬುದಷ್ಟೇ ನಮ್ಮ ಆಯ್ಕೆ. ಮೊದಲಿನ ಕರ್ವ್‌ನಲ್ಲಿ ಇಡೀ ಭಾರ ಸೀರೆಯ ಮೇಲೆ ಬಿತ್ತು. ನಾನು ಹಾಕುವ ಚುಕ್ಕಿಗಳು ಹೀಗಿರುತ್ತವೆ: 0 ಇದ್ದದ್ದು 28, 20 ಇದ್ದದ್ದು 40, 36 ಇದ್ದದ್ದು 56, 64 ಇದ್ದದ್ದು 80, 128 ಇದ್ದದ್ದು 134, 255 ಇದ್ದದ್ದು 245. ಏನೂ ಕಾಣದ ಬಾಗಿಲ ಕತ್ತಲು ಒಂದಿಷ್ಟು ಬಿಟ್ಟುಕೊಟ್ಟಿತು, ಗೋಡೆ ಮತ್ತು ಕಿಟಕಿಯ ಬೆಳಕು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟವು. ಸೀರೆಯ 16ರ ಅಂತರ ಹಾಗೇ ಉಳಿಯಿತು. ಗ್ರೇನ್ ಸೇರಿಸಿ ನೋಡಿದರೂ ಒಳಭಾಗ 38ರಿಂದ 42, ಅಂಚು 52ರಿಂದ 60. ನೆರಿಗೆ ಕಾಣುತ್ತದೆ. ಕಪ್ಪು 40ರ ಬದಲು 28ಕ್ಕೆ ನಿಂತಿತು ಎಂದು ಬೇಸರ ಬೇಡ. ಫೋನ್ ಪರದೆಯಲ್ಲಿ 28 ಸಾಕಷ್ಟು ಮಸುಕಾಗಿಯೇ ಕಾಣುತ್ತದೆ.

ಇನ್ನೊಂದು ಸೂಕ್ಷ್ಮ. ಹಳೆಯ ಪ್ರಿಂಟ್‌ನ ಮಸುಕುಗಪ್ಪು ಬರೀ ಬೂದುಬಣ್ಣದ್ದಲ್ಲ. ಆಲ್ಬಮ್‌ನ ಕತ್ತಲಲ್ಲೇ ಇದ್ದ ಆ ಕಾಲದ ಅನೇಕ ಪ್ರಿಂಟ್‌ಗಳಲ್ಲಿ ಸಯಾನ್ ಬೇಗ ಕ್ಷೀಣಿಸಿ ಚಿತ್ರ ಕೆಂಪು ಛಾಯೆಗೆ ತಿರುಗಿರುತ್ತದೆ. ಕರ್ವ್‌ನಲ್ಲಿ ಕೆಂಪು ಚಾನೆಲ್ಲಿನ ಎಡತುದಿಯನ್ನು ಮಾತ್ರ ಮೂರು ನಾಲ್ಕು ಹೆಚ್ಚಿಸಿದರೆ ಸಾಕು. ಕಪ್ಪು-ಬಿಳುಪು ಚಿತ್ರಕ್ಕೆ ಇದು ಹೊಂದುವುದಿಲ್ಲ. ಅಲ್ಲಿರುವುದು ಬೆಳ್ಳಿ, ಅದು ಹಾಳಾಗುವ ರೀತಿಯೇ ಬೇರೆ.

ರಾಡಿಯಾಗಿದೆ ಎಂದು ತಿಳಿಯುವುದು ಹೇಗೆ?

ಕಣ್ಣನ್ನೇ ನಂಬಿದರೆ ಮೋಸ ಹೋಗಬಹುದು. ಹತ್ತು ನಿಮಿಷ ಅದೇ ಚಿತ್ರ ನೋಡುತ್ತಿದ್ದರೆ ಕಣ್ಣು ಒಗ್ಗಿಕೊಂಡುಬಿಡುತ್ತದೆ. ಹಿಸ್ಟೋಗ್ರಾಮ್ ತೆರೆದು ಎಡಭಾಗ ನೋಡಿ. ಮಸುಕು ಮಾಡಿದ ಚಿತ್ರದಲ್ಲಿ ಎಡತುದಿ ಖಾಲಿ ಇರುವುದು ಸಹಜ. ಆ ಖಾಲಿ ಜಾಗದ ಪಕ್ಕದಲ್ಲೇ ಒಂದು ಕಿರಿದಾದ ಎತ್ತರದ ಕಂಬ ನಿಂತಿದ್ದರೆ ನೆರಳೆಲ್ಲ ಒಂದೇ ಕಡೆ ತುರುಕಿಕೊಂಡಿದೆ ಎಂದರ್ಥ. ಅಗಲವಾದ ದಿಬ್ಬವಿದ್ದರೆ ಒಳಗೆ ವಿವರ ಉಳಿದಿದೆ. ನೆರಿಗೆಯ ಒಳಭಾಗ ಮತ್ತು ಅಂಚಿನ ಸಂಖ್ಯೆಗಳನ್ನು ಮೊದಲು ಮತ್ತು ಆಮೇಲೆ ನೋಡಿ ಹೋಲಿಸುವುದು ಇನ್ನೂ ಖಚಿತ.

ಇದಕ್ಕೆ ಮಿತಿಗಳೂ ಇವೆ. ಮೂಲ ಚಿತ್ರದಲ್ಲೇ ನೆರಳು 0 ಆಗಿಬಿಟ್ಟಿದ್ದರೆ ಯಾವ ಕರ್ವ್‌ನಿಂದಲೂ ನೆರಿಗೆ ಮರಳಿ ಬರುವುದಿಲ್ಲ. ಅಂಥ ಜಾಗಕ್ಕೆ `Overlay` ಗ್ರೇನ್ ಕೂಡ ಅಂಟದೆ, ಮಸುಕು ಮಾಡಿದಾಗ ಬಣ್ಣ ಬಳಿದ ಗೋಡೆಯಂತೆ ನುಣ್ಣಗೆ ಕಾಣುತ್ತದೆ. ಗ್ರೇನ್ ಹಾಕುವ ಮುನ್ನ ಕಪ್ಪನ್ನು 0ಯಿಂದ 4 ಅಥವಾ 5ಕ್ಕೆ ಎತ್ತಿಕೊಂಡರೆ ಈ ಕೃತಕತೆ ಸ್ವಲ್ಪ ತಗ್ಗುತ್ತದೆ. ಲೈಟ್‌ರೂಮ್‌ನಂಥ ತಂತ್ರಾಂಶಗಳಲ್ಲಿ ನೀವು ಯಾವ ಸ್ಲೈಡರನ್ನು ಮೊದಲು ಎಳೆದರೂ ಲೆಕ್ಕ ನಡೆಯುವುದು ಅದು ತಾನೇ ಇಟ್ಟುಕೊಂಡ ಕ್ರಮದಲ್ಲಿ. ಅಲ್ಲಿ ಕ್ರಮ ನಿಮ್ಮ ಕೈಯಲ್ಲಿಲ್ಲ, ಕರ್ವ್‌ನ ಆಕಾರ ಮಾತ್ರ ಇದೆ.

ಎಲ್ಲ ಸರಿಯಾಗಿ ಮಾಡಿ ಉಳಿಸುವಾಗ ಜೆಪೆಗ್ ಗುಣಮಟ್ಟವನ್ನು 60ಕ್ಕೆ ಇಳಿಸಿದರೆ ಶ್ರಮವೆಲ್ಲ ನೀರುಪಾಲು. ಜೆಪೆಗ್ ಕಡತವನ್ನು ಚಿಕ್ಕದು ಮಾಡುವುದೇ ಸಣ್ಣ ಸಣ್ಣ ಏರಿಳಿತಗಳನ್ನು ಕಿತ್ತುಹಾಕಿ, ಗ್ರೇನ್ ಎಂದರೆ ಪೂರ್ತಿ ಸಣ್ಣ ಏರಿಳಿತವೇ. ಅದನ್ನು ಅರ್ಧಂಬರ್ಧ ಕಿತ್ತಾಗ ಗೋಡೆಯಲ್ಲೂ ನೆರಳಿನಲ್ಲೂ ಚೌಕ ಚೌಕವಾದ ಕಲೆಗಳು ಉಳಿಯುತ್ತವೆ. 90ರ ಮೇಲೆ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಅದು ಚಿತ್ರವನ್ನು ಮತ್ತೊಮ್ಮೆ ಹಿಂಡುವುದಿಲ್ಲ.