ಮಾತಾಡುವವರ ಮುಖವನ್ನೇ ಯಾಕೆ ತೋರಿಸಬೇಕು?

ಕಿರುಚಿತ್ರ ಸ್ಪರ್ಧೆ ಎಂದರೆ ಸಾಕು, ನಮ್ಮ ಹುಡುಗ ಹುಡುಗಿಯರಿಗೆ ಮೊದಲು ನೆನಪಾಗುವುದು ಕ್ಯಾಮೆರಾ. ಯಾರ ಫೋನು ಚೆನ್ನಾಗಿದೆ, ಯಾರ ಹತ್ತಿರ ಸ್ಟ್ಯಾಂಡ್ ಇದೆ ಎಂದು ಹುಡುಕಾಟ ಶುರುವಾಗುತ್ತದೆ. ಆದರೆ ಇಬ್ಬರು ಕುಳಿತು ಮಾತಾಡುವ ದೃಶ್ಯ ಬಂದ ಕೂಡಲೇ ಒಳ್ಳೆಯ ಫೋನಿನಲ್ಲಿ ತೆಗೆದ ಚಿತ್ರವೂ ಟೇಬಲ್ ಟೆನ್ನಿಸ್ ಆಟದ ಹಾಗೆ ಕಾಣುತ್ತದೆ. ಇವರು ಮಾತಾಡಿದಾಗ ಇವರ ಮುಖ, ಅವರು ಮಾತಾಡಿದಾಗ ಅವರ ಮುಖ. ನೋಡುವವರ ಕಣ್ಣು ಅತ್ತಿಂದಿತ್ತ ಓಡಾಡುತ್ತದೆ, ಮನಸ್ಸು ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಇದು ಕ್ಯಾಮೆರಾದ ದೋಷವಲ್ಲ, ನಟನೆಯ ದೋಷವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಎಡಿಟಿಂಗ್ ಮಾಡುವಾಗ ನಾವು ಚಿತ್ರವನ್ನೂ ಧ್ವನಿಯನ್ನೂ ಒಂದೇ ಜಾಗದಲ್ಲಿ ಕತ್ತರಿಸುತ್ತೇವೆ. ತೊಂದರೆ ಇರುವುದು ಅಲ್ಲಿ.

ಕ್ಲಾಸಿನಲ್ಲಿ ನಡೆಯುವುದನ್ನೇ ಗಮನಿಸಿ. ಕೊನೆಯ ಬೆಂಚಿನಿಂದ ಯಾರೋ ಪ್ರಶ್ನೆ ಕೇಳುತ್ತಾರೆ. ಮೊದಲು ಧ್ವನಿ ಕಿವಿಗೆ ಬೀಳುತ್ತದೆ, ಆಮೇಲೆ ನಾವು ಹಿಂದಿರುಗಿ ನೋಡುತ್ತೇವೆ. ಇನ್ನು ಕೆಲವು ಸಲ ಪ್ರಶ್ನೆ ಮುಗಿಯುವುದರೊಳಗೇ ಲೆಕ್ಚರರ್ ಮುಖ ನೋಡುತ್ತೇವೆ, ಏಕೆಂದರೆ ಅವರು ಏನು ಹೇಳುತ್ತಾರೋ ಎಂಬ ಕುತೂಹಲ. ಕಿವಿಯೂ ಕಣ್ಣೂ ಒಂದೇ ಗಳಿಗೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಜಿಗಿಯುವುದು ಅಪರೂಪ. ಸಿನಿಮಾದಲ್ಲಿ ಪ್ರತಿ ಸಲವೂ ಹಾಗೆ ಜಿಗಿದರೆ ಕತ್ತರಿ ಹಾಕಿದ ಜಾಗ ಎದ್ದು ಕಾಣುತ್ತದೆ.

ಇದಕ್ಕೆ ಎಡಿಟರ್‌ಗಳು ಬಳಸುವ ಉಪಾಯವೇ ಜೆ-ಕಟ್ ಮತ್ತು ಎಲ್-ಕಟ್. ಎಡಿಟಿಂಗ್ ಆ್ಯಪ್ ತೆರೆದರೆ ಮೇಲೆ ಚಿತ್ರದ ಪಟ್ಟಿ, ಕೆಳಗೆ ಧ್ವನಿಯ ಪಟ್ಟಿ ಇರುತ್ತದೆ. ಮುಂದಿನ ಶಾಟ್‌ನ ಧ್ವನಿ ತನ್ನ ಚಿತ್ರಕ್ಕಿಂತ ಮೊದಲೇ ಶುರುವಾದರೆ, ಕೆಳಗಿನ ಪಟ್ಟಿ ಎಡಕ್ಕೆ ಚಾಚಿಕೊಂಡು ಇಂಗ್ಲಿಷಿನ ಜೆ ಅಕ್ಷರದಂತೆ ಕಾಣುತ್ತದೆ. ಚಿತ್ರ ಮುಗಿದ ಮೇಲೂ ಅದರ ಧ್ವನಿ ಮುಂದುವರಿದರೆ ಪಟ್ಟಿ ಬಲಕ್ಕೆ ಚಾಚಿ ಎಲ್ ಆಗುತ್ತದೆ. ಜೆ-ಕಟ್‌ನಲ್ಲಿ ಧ್ವನಿ ಮುಂದೆ ಹೋಗುತ್ತದೆ, ಎಲ್-ಕಟ್‌ನಲ್ಲಿ ಹಿಂದೆ ಉಳಿಯುತ್ತದೆ. ಕಾಮರ್ಸ್‌ನವರಿಗೆ ಇದು ಹೊಸದೇನಲ್ಲ. ಸರಕು ಬಂದ ತಾರೀಖು ಒಂದು, ರೊಕ್ಕ ಕೊಟ್ಟ ತಾರೀಖು ಇನ್ನೊಂದು. ವ್ಯವಹಾರ ಒಂದೇ ಆದರೂ ಎರಡನ್ನೂ ಒಂದೇ ದಿನಕ್ಕೆ ಬರೆದರೆ ಲೆಕ್ಕ ತಪ್ಪುತ್ತದೆ.

ಒಂದು ಸಣ್ಣ ದೃಶ್ಯ ತೆಗೆದುಕೊಳ್ಳೋಣ. ಪಿಯು ಮುಗಿಸಿದ ಮಗಳು, ಸಂಜೆ ಕೆಲಸದಿಂದ ಬಂದ ತಂದೆ. ನಮ್ಮಂಥ ಮನೆಯೇ. ಎಲ್ಲರಿಗೂ ತಿಳಿಯಲೆಂದು ಮಾತು ಮಾತ್ರ ಇಲ್ಲಿಯ ಕನ್ನಡದಲ್ಲಿ.

ಮಗಳು: “ಅಬ್ಬಾ, ನಾ ಸಿಎ ಓದಾಕ ಬೆಂಗಳೂರಿಗೆ ಹೋಗಬೇಕಂತ ಮಾಡೇನ್ರಿ.”
ತಂದೆ: “ಯಾಕ, ಇಲ್ಲೇ ಓದಾಕ ಬರೂದಿಲ್ಲೇನು?”
ಮಗಳು: “ಬರತೈತ್ರಿ. ಆದ್ರ ಅಲ್ಲಿ ದೊಡ್ಡ ಆಫೀಸಿನ್ಯಾಗ ಕೆಲಸ ಕಲಿಬೇಕಂತ ಐತಿ. ಅಮ್ಮಿಗೆ ಹೇಳೇನ್ರಿ.”
ತಂದೆ: “ಅಕಿಗೆ ಮೊದ್ಲ ಹೇಳಿದೇನು?”

ಮೊದಲು ಎಲ್ಲರೂ ಮಾಡುವಂತೆ ಮಾತಿಗೊಂದು ಮುಖ ಜೋಡಿಸಿ ನೋಡಿ. ನಾಲ್ಕು ಮಾತು, ನಾಲ್ಕು ಶಾಟ್. ಕಥೆ ತಿಳಿಯುತ್ತದೆ. ಆದರೆ ಈ ದೃಶ್ಯದಲ್ಲಿ ನಿಜವಾಗಿ ಏನೋ ನಡೆಯುವುದು ಎರಡು ಕಡೆ ಮಾತ್ರ, ಮತ್ತು ಆ ಎರಡೂ ಕಡೆ ನಾವು ಬೇರೆಯವರ ಮುಖ ನೋಡುತ್ತಿರುತ್ತೇವೆ. ಒಂದು, ತಾನು ಹೆದರಿದ್ದ ಪ್ರಶ್ನೆಯೇ ಬಂತಲ್ಲ ಎಂದು ಮಗಳಿಗೆ ಅನ್ನಿಸುವ ಗಳಿಗೆ. ಇನ್ನೊಂದು, ಮನೆಯಲ್ಲಿ ಈ ವಿಷಯ ತನಗಿಂತ ಮೊದಲು ಹೆಂಡತಿಗೆ ಗೊತ್ತಿತ್ತು ಎಂದು ತಂದೆಗೆ ತಿಳಿಯುವ ಗಳಿಗೆ.

ಈಗ ಮೊದಲನೆಯದನ್ನು ಸರಿಪಡಿಸೋಣ. ಮಗಳ ಮೊದಲ ಮಾತು 4ನೇ ಸೆಕೆಂಡಿಗೆ ಮುಗಿಯುತ್ತದೆ ಎನ್ನಿ. ಅರ್ಧ ಸೆಕೆಂಡ್ ಬಿಟ್ಟು ತಂದೆಯ “ಯಾಕ, ಇಲ್ಲೇ” ಕೇಳಿಸಲಿ, ಚಿತ್ರ ಮಾತ್ರ ಮಗಳ ಮೇಲೆಯೇ ಇರಲಿ. ಇನ್ನೊಂದು ಅರ್ಧ ಸೆಕೆಂಡ್ ಕಳೆದು “ಓದಾಕ” ಎಂಬ ಮಾತಿನ ಹತ್ತಿರ ತಂದೆಯ ಮುಖಕ್ಕೆ ಹೋಗಿ. ಇದು ಜೆ-ಕಟ್. ಬಹಳ ಫೋನುಗಳು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತವೆ. ಹಾಗಾಗಿ ನಾವು ಚಿತ್ರದ ಕತ್ತರಿಯನ್ನು ಬಲಕ್ಕೆ ಸರಿಸಿದ್ದು ಬರೀ 15 ಫ್ರೇಮ್. ಅಷ್ಟರಲ್ಲೇ ಮಗಳ ಕಣ್ಣು ಕೆಳಗಿಳಿಯುವುದು ನಮಗೆ ಕಾಣುತ್ತದೆ. ತಂದೆ ಏನೆಂದರು ಎಂದು ತಿಳಿಯಬೇಕೆಂಬ ಆಸೆ ಹುಟ್ಟಿದ ಮೇಲೆ ಅವರ ಮುಖ ಬರುವುದರಿಂದ ಕತ್ತರಿ ಕಣ್ಣಿಗೆ ಚುಚ್ಚುವುದಿಲ್ಲ.

ಎರಡನೆಯದು ಮೂರನೇ ಮಾತು. “ಕಲಿಬೇಕಂತ ಐತಿ” ಎಂದ ಮೇಲೆ ಮಗಳು ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತಾಳೆ. ಆ ಉಸಿರಿನಲ್ಲೇ ಚಿತ್ರ ತಂದೆಗೆ ಹೋಗಲಿ. “ಅಮ್ಮಿಗೆ ಹೇಳೇನ್ರಿ” ಎಂಬುದು ಅವರ ಮುಖದ ಮೇಲೆ ಕೇಳಿಸಲಿ. ಇದು ಎಲ್-ಕಟ್. ಮಾತು ಮುಗಿದ ಮೇಲೆ ಒಂದು ಸೆಕೆಂಡ್ ಯಾರೂ ಮಾತಾಡುವುದು ಬೇಡ. ಆಮೇಲೆ ಅವರ ಪ್ರಶ್ನೆ ಬರಲಿ. ಈ ದೃಶ್ಯದ ಕಥೆ ಇರುವುದು ಆ ಒಂದು ಸೆಕೆಂಡಿನಲ್ಲಿ. ಮಗಳ ಮುಖವನ್ನೇ ಹಿಡಿದುಕೊಂಡಿದ್ದರೆ ಅದು ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ.

ಎರಡನೇ ಮತ್ತು ಮೂರನೇ ಮಾತಿನ ನಡುವೆ ಏನೂ ಮಾಡಬೇಕಾಗಿಲ್ಲ. ಅಲ್ಲಿ ನೇರ ಕತ್ತರಿಯೇ ಸರಿ. ತಂದೆ ಕೇಳಿದರು, ಮಗಳು ಉತ್ತರ ಕೊಟ್ಟಳು, ಅಷ್ಟೇ. ಪ್ರತಿ ಕತ್ತರಿಯನ್ನೂ ಅರ್ಧ ಸೆಕೆಂಡ್ ಸರಿಸುತ್ತ ಹೋದರೆ ಅದೂ ಒಂದು ತಾಳವಾಗಿ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಸಿಟ್ಟಿನಲ್ಲಿ ತಟ್ಟನೆ ಬರುವ “ಇಲ್ಲ” ಎಂಬ ಉತ್ತರಕ್ಕೂ, ನಗೆ ಬರಿಸುವ ಮಾತಿಗೂ ನೇರ ಕತ್ತರಿಯ ಪೆಟ್ಟೇ ಬೇಕು. ನಾನು ಇಟ್ಟುಕೊಂಡ ನಿಯಮ ಇಷ್ಟೇ: ಯಾರು ಮಾತಾಡುತ್ತಿದ್ದಾರೆ ಎಂದು ಕೇಳಬೇಡಿ, ಈ ಮಾತಿನಿಂದ ಯಾರೊಳಗೆ ಏನು ಬದಲಾಯಿತು ಎಂದು ಕೇಳಿ. ಅವರ ಮುಖ ತೋರಿಸಿ.

ಇದೆಲ್ಲ ಎಡಿಟಿಂಗ್‌ಗೆ ಕುಳಿತ ಮೇಲೆ ಹೊಳೆದರೆ ಪ್ರಯೋಜನವಿಲ್ಲ, ಚಿತ್ರ ತೆಗೆಯುವಾಗಲೇ ನೆನಪಿರಬೇಕು. ಒಂದೇ ಫೋನಿದ್ದರೆ ಇಡೀ ದೃಶ್ಯವನ್ನು ಎರಡು ಸಲ ಆಡಿಸಬೇಕು, ಒಮ್ಮೆ ಮಗಳ ಕಡೆ, ಒಮ್ಮೆ ತಂದೆಯ ಕಡೆ. ತಂದೆಯ ಪಾತ್ರದವರು ತಮ್ಮ ಮಾತಷ್ಟೇ ಹೇಳಿ ಎದ್ದು ಹೋದರೆ, ಅವರು ಕೇಳುತ್ತಿರುವ ಮುಖ ಎಲ್ಲಿಂದ ತರುವುದು? ಹಾಗೆಯೇ ಒಬ್ಬರ ಮಾತು ಮುಗಿದು ಅರ್ಧ ಸೆಕೆಂಡ್ ಆದ ಮೇಲೆ ಇನ್ನೊಬ್ಬರು ಶುರು ಮಾಡಬೇಕು. ಇಬ್ಬರ ಧ್ವನಿ ಒಂದರ ಮೇಲೊಂದು ಬಿದ್ದು ರೆಕಾರ್ಡ್ ಆದರೆ ಆಮೇಲೆ ಬಿಡಿಸಲು ಬರುವುದಿಲ್ಲ. ಬೇರೆ ಬೇರೆ ಇದ್ದರೆ, ಬೇಕಾದಾಗ ಒಂದರ ಮೇಲೊಂದು ತರುವುದು ಸುಲಭ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಎಲ್ಲರೂ ಸುಮ್ಮನಿದ್ದು, ಅದೇ ಕೋಣೆಯ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಬೇಕು. ಫ್ಯಾನ್ ತಿರುಗುವ ಸದ್ದು, ಲಕಮನಹಳ್ಳಿಯ ಇಂಡಸ್ಟ್ರಿಯಲ್ ಏರಿಯಾ ಕಡೆಗೆ ಹೋಗುವ ಲಾರಿಯ ಸದ್ದು ಎಲ್ಲ ಅದರಲ್ಲಿರಲಿ. ಧ್ವನಿಯನ್ನು ಮುಂದಕ್ಕೆ ಎಳೆದಾಗ ಮಾತಿನ ಜೊತೆ ಅದರ ಹಿಂದಿನ ಸದ್ದೂ ಬರುತ್ತದೆ. ಮಗಳ ಶಾಟ್‌ನಲ್ಲಿ ಫ್ಯಾನ್ ಬಂದ್ ಇದ್ದು ತಂದೆಯ ಶಾಟ್‌ನಲ್ಲಿ ಓಡುತ್ತಿದ್ದರೆ, ತಂದೆಯ ಮಾತಿಗಿಂತ ಮೊದಲು ಫ್ಯಾನಿನ ಗುಂಯ್ ಎಂಬ ಸದ್ದು ಧುಮುಕುತ್ತದೆ. ಆಗ ಕತ್ತರಿ ಮುಚ್ಚಿಹೋಗುವ ಬದಲು ಇನ್ನೂ ಎದ್ದು ಕಾಣುತ್ತದೆ. ಕೋಣೆಯ ಸದ್ದನ್ನು ಇಡೀ ದೃಶ್ಯದ ಕೆಳಗೆ ಹಾಸಿ, ಪ್ರತಿ ಧ್ವನಿಯ ತುದಿಯನ್ನು ಮೂರು ನಾಲ್ಕು ಫ್ರೇಮ್‌ನಷ್ಟು ನಿಧಾನವಾಗಿ ಏರಿಸಿ ಇಳಿಸಿದರೆ ಸಣ್ಣಪುಟ್ಟ ವ್ಯತ್ಯಾಸ ಮುಚ್ಚುತ್ತದೆ. ತೀರಾ ಕೆಟ್ಟ ರೆಕಾರ್ಡಿಂಗನ್ನು ಯಾವ ಕಟ್ಟೂ ಉಳಿಸುವುದಿಲ್ಲ.

ಆ್ಯಪಿನಲ್ಲಿ ಮಾಡುವ ಕೆಲಸ ಕಷ್ಟದ್ದಲ್ಲ. ಕ್ಲಿಪ್‌ನಿಂದ ಧ್ವನಿಯನ್ನು ಬಿಡಿಸಿ, ಚಿತ್ರದ ತುದಿಯನ್ನು ಮಾತ್ರ ಎಳೆಯಬೇಕು. ಒಬ್ಬರ ಶಾಟ್ ಎಷ್ಟು ಉದ್ದವಾಯಿತೋ ಇನ್ನೊಬ್ಬರದು ಅಷ್ಟೇ ಗಿಡ್ಡವಾಗಬೇಕು. ತುದಿ ಎಳೆಯುವ ಬದಲು ಇಡೀ ಕ್ಲಿಪ್ಪನ್ನೇ ಸರಿಸಿದರೆ ಮಾತಿಗೂ ತುಟಿಗೂ ಹೊಂದಿಕೆ ತಪ್ಪುತ್ತದೆ. ಅದನ್ನು ಹಿಡಿಯಲು ಪ, ಬ, ಮ ಅಕ್ಷರಗಳನ್ನು ನೋಡಿ, ಅವು ತುಟಿ ಮುಚ್ಚದೆ ಬರುವುದಿಲ್ಲ. ಮಗಳು “ಅಬ್ಬಾ” ಎನ್ನುವಾಗ ಒತ್ತಕ್ಷರದ ಜಾಗದಲ್ಲಿ ಅವಳ ತುಟಿ ತೆರೆದೇ ಇದ್ದರೆ ಧ್ವನಿ ಜಾರಿದೆ ಎಂದೇ ಅರ್ಥ.

ಕೊನೆಗೆ ಪರದೆ ಮುಚ್ಚಿ ಬರೀ ಧ್ವನಿ ಕೇಳಬೇಕು. 1950ರಲ್ಲಿ ಶುರುವಾದ ನಮ್ಮ ಧಾರವಾಡ ಆಕಾಶವಾಣಿಯ ನಾಟಕಗಳಲ್ಲಿ ಮುಖವೇ ಇರುವುದಿಲ್ಲ, ಆದರೂ ಯಾರು ತಡೆದರು, ಯಾರು ಸಿಟ್ಟಾದರು ಎಂದು ತಿಳಿಯುತ್ತದೆ. ನಮ್ಮ ದೃಶ್ಯವೂ ಕಿವಿಗೆ ಒಂದೇ ಕೋಣೆಯಲ್ಲಿ ನಡೆದ ಒಂದೇ ಮಾತುಕತೆ ಎನ್ನಿಸಬೇಕು. ಕಿವಿಗೆ ಹರಿದುಬಂದ ಮೇಲೆ ಚಿತ್ರವನ್ನು ಎಲ್ಲಿ ಬದಲಿಸಿದರೂ ಅದು ಒಪ್ಪುತ್ತದೆ.

ಕನ್ನಡ ಸಿನಿಮಾದಲ್ಲಿ ಪಾತ್ರಗಳ ಮಾತನ್ನು ಆಮೇಲೆ ಸ್ಟುಡಿಯೊದಲ್ಲಿ ಡಬ್ ಮಾಡುವುದು ಬಹಳ ಕಾಲದಿಂದ ಬಂದ ರೂಢಿ. ಧ್ವನಿ ಶುದ್ಧವಾಗಿರುತ್ತದೆ, ಜಾಗದ ಸದ್ದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಜಿಲ್ಲೆಯ ಹಳ್ಳಿಯವರನ್ನೇ ಪಾತ್ರಕ್ಕೆ ಹಾಕಿಕೊಂಡು, ಮಾತನ್ನು ಸ್ಥಳದಲ್ಲೇ ರೆಕಾರ್ಡ್ ಮಾಡಿದ ಚಿತ್ರ. ಅಂಥ ಧ್ವನಿಯನ್ನು ಇನ್ನೊಂದು ಶಾಟ್ ಮೇಲೆ ಎಳೆದರೆ ಊರೂ ಜೊತೆಗೆ ಬರುತ್ತದೆ. ಫೋನಿನಲ್ಲಿ ತೆಗೆಯುವ ನಾವು ಬಡತನಕ್ಕೋ ಅನುಕೂಲಕ್ಕೋ ಎರಡನೇ ದಾರಿಯಲ್ಲೇ ಇದ್ದೇವೆ. ಹಾಗಾಗಿ ಅದರ ಶಿಸ್ತನ್ನೂ ಕಲಿಯಬೇಕು.

ಒಂದು ಎಚ್ಚರಿಕೆಯ ಮಾತೂ ಇದೆ. ಎಲ್-ಕಟ್ ಎಂದರೆ “ಈ ಮಾತನ್ನು ಇವರು ಹೀಗೆ ಕೇಳಿಸಿಕೊಂಡರು” ಎಂದು ಹೇಳಿದಂತೆ. ಕಥೆಯಲ್ಲಿ ಅದನ್ನು ಹೇಗೆ ಬೇಕಾದರೂ ಕಟ್ಟಬಹುದು. ಕಾಲೇಜಿನ ಕಾರ್ಯಕ್ರಮದ ವರದಿಯಲ್ಲೋ ಯಾರದೋ ಸಂದರ್ಶನದಲ್ಲೋ ಹಾಗಲ್ಲ. ಬೇರೆ ಯಾವುದೋ ಮಾತಿಗೆ ನಕ್ಕವರ ಮುಖವನ್ನು ಇನ್ನೊಂದು ಮಾತಿನ ಮೇಲೆ ಇಟ್ಟರೆ, ಅವರು ಒಪ್ಪದ್ದಕ್ಕೆ ಒಪ್ಪಿಗೆ ಬರೆದುಕೊಟ್ಟ ಹಾಗಾಗುತ್ತದೆ. ಕತ್ತರಿ ಕಾಣದಷ್ಟು ನಯವಾಗಿದ್ದಾಗ ಸುಳ್ಳೂ ಕಾಣುವುದಿಲ್ಲ.

ಆದ್ದರಿಂದ ಸ್ಪರ್ಧೆ ನಡೆಸುವ ಶಿಕ್ಷಕರಿಗೆ ನನ್ನ ಸಲಹೆ. ಮುಂದಿನ ಸಲ ಹತ್ತು ನಿಮಿಷದ ಚಿತ್ರ ಕೇಳಬೇಡಿ. ಇಬ್ಬರು ಪಾತ್ರಧಾರಿಗಳು, ಒಂದು ಕೋಣೆ, 40 ಸೆಕೆಂಡಿನ ಮಾತುಕತೆ ಕೊಡಿ. ಪ್ರತಿ ತಂಡವೂ ಅದನ್ನು ಎರಡು ರೀತಿ ಎಡಿಟ್ ಮಾಡಿ ತರಲಿ, ಒಂದು ನೇರ ಕತ್ತರಿಯದು, ಇನ್ನೊಂದು ಧ್ವನಿಯನ್ನು ಹಿಂದೆ ಮುಂದೆ ಮಾಡಿದ್ದು. ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ, ಯಾವ ಕತ್ತರಿ ಯಾಕೆ ಸರಿಸಿದಿರಿ ಎಂದು ಕೇಳಿ. ಉತ್ತರ ಹೇಳಬಲ್ಲ ತಂಡಕ್ಕೆ ಬಹುಮಾನ ಕೊಡಿ, ಅವರ ಫೋನು ಯಾವುದೇ ಇರಲಿ.